ಕಥೆ ಓದಿ ಹೇಳಿ: "ಎರಡು ಅರ್ಜಿ" (ಇಬ್ಬರು ಸಹಪಾಠಿಗಳು, ಎರಡು ಮೌನ)

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣಕಥೆ ಹಾಕುತ್ತಿದ್ದೇನೆ. ಒಂದೇ ಕ್ಲಾಸಿನ ಹುಡುಗ ಹುಡುಗಿ, ಒಬ್ಬರ ಮೌನವನ್ನು ಇನ್ನೊಬ್ಬರು "ಬೇಡ" ಅಂತ ಅಂದುಕೊಳ್ಳುತ್ತಾರೆ. ನನ್ನ ಅನುಮಾನ ಎರಡು. ಎರಡನೇ ಭಾಗ ಬರೀ ಮೊದಲನೆಯದರ ವಿವರಣೆ ಆಗಿಬಿಟ್ಟಿದೆಯಾ? ಮತ್ತೆ, ಇಲ್ಲಿ ಹಾಕದ ಮೂರನೇ ಭಾಗವೊಂದಿದೆ. ಹನ್ನೆರಡು ವರ್ಷದ ಮೇಲೆ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಸಿಕ್ಕಿ, ನಡೆದದ್ದೇನು ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಅದು ಇರಬೇಕಾ?

ಎರಡು ಅರ್ಜಿ

1

ಪರ್ಮಾಂಗನೇಟಿನ ಮೊದಲ ಹನಿ ಬಿದ್ದದ್ದೇ ಫ್ಲಾಸ್ಕಿನೊಳಗೆ ಗುಲಾಬಿ ಬಣ್ಣ ಹರಡಿ ನಿಂತುಬಿಟ್ಟಿತು. ಶ್ರೀಧರ ಬ್ಯೂರೆಟ್ಟಿನ ನಾಬ್ ಮುಚ್ಚಿ ರೀಡಿಂಗ್ ನೋಡಲು ಬಗ್ಗಿದ.

"ಇನ್ನೂ ಆಗಿಲ್ಲ, ತಡಿ" ಎಂದಳು ವಾಣಿ. ಅವಳು ಫ್ಲಾಸ್ಕ್ ತಿರುಗಿಸುತ್ತಲೇ ಇದ್ದಳು. ನೋಡನೋಡುತ್ತ ಬಣ್ಣ ಮಾಯವಾಯಿತು.

ಬಿಎಸ್ಸಿ ಎರಡನೇ ವರ್ಷದಿಂದ ಅವರಿಬ್ಬರದು ಒಂದೇ ಮೇಜು. ಹಾಜರಿ ಪುಸ್ತಕದಲ್ಲಿ ಹೆಸರು ಒಂದರ ಕೆಳಗೊಂದು ಬಂದದ್ದೇ ಕಾರಣ. ಅವನು ಹನಿ ಬಿಡುವುದು, ಅವಳು ತಿರುಗಿಸುವುದು, ಅವಳು "ಸಾಕು" ಎಂದಾಗ ಅವನು ನಿಲ್ಲಿಸುವುದು. ಲ್ಯಾಬಿನ ಹೊರಗೆ ಮಾತು ಕಡಿಮೆ. ಸಂಜೆ ಅವಳು ಆಯನೂರಿನ ಬಸ್ಸು ಹತ್ತುತ್ತಿದ್ದಳು, ಅವನು ಭದ್ರಾವತಿಯದು.

2004ರ ಬೇಸಿಗೆ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿತ್ತು. ಶ್ರೀಧರ ಒಂದು ದಿನ ಕಾಲೇಜಿಗೆ ಬರದೆ ಶಂಕರಘಟ್ಟಕ್ಕೆ ಹೋಗಿ, ವಿಶ್ವವಿದ್ಯಾಲಯದ ಕೌಂಟರಿನಲ್ಲಿ ಸಾಲು ನಿಂತು, ಎಂಎಸ್ಸಿಯ ಅರ್ಜಿ ಕೊಂಡು ತಂದ. ಒಂದಲ್ಲ, ಎರಡು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ತಿರುಗಿಸಿ ತಿರುಗಿಸಿ ಹೇಳಿಕೊಂಡ: ಜೊತೆಗೇ ಓದೋಣ ವಾಣಿ.

ಮರುದಿನ ಲ್ಯಾಬ್ ಮುಗಿದ ಮೇಲೆ ಅರ್ಜಿಯನ್ನು ಅವಳ ರೆಕಾರ್ಡ್ ಪುಸ್ತಕದ ಮೇಲೆ ಇಟ್ಟ.

"ಒಂದು ಹೆಚ್ಚಿಗೆ ಇತ್ತು" ಎಂದ.

ವಾಣಿ ಅರ್ಜಿಯನ್ನು ನೋಡಿದಳು. ಮೊದಲ ಪುಟ ತಿರುವಿದಳು, ಮುಚ್ಚಿದಳು. ರೆಕಾರ್ಡಿನೊಳಗೆ ಇಟ್ಟುಕೊಂಡು, ಏನೂ ಹೇಳದೆ, ಬೀಕರುಗಳನ್ನು ತೊಳೆಯಲು ಸಿಂಕಿನ ಕಡೆ ಹೋದಳು. ಶ್ರೀಧರ ಸ್ವಲ್ಪ ಹೊತ್ತು ನಿಂತ. ನೀರಿನ ಸದ್ದು ನಿಲ್ಲಲಿಲ್ಲ. ಅವನು ಬ್ಯಾಗ್ ಎತ್ತಿಕೊಂಡು ಹೊರಟ.

ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವ ದಿನ ಅವಳ ಪುಸ್ತಕ ಮೇಜಿನ ಮೇಲಿತ್ತು. ಅರ್ಜಿಯ ಅಂಚು ಹೊರಗೆ ಚಾಚಿಕೊಂಡಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿ ಶ್ರೀಧರ ಮೆಲ್ಲಗೆ ಎಳೆದು ನೋಡಿದ. ಹೆಸರಿನ ಜಾಗ ಖಾಲಿ, ತಂದೆಯ ಹೆಸರಿನ ಜಾಗ ಖಾಲಿ. ತಂದುಕೊಟ್ಟು ವಾರ ಕಳೆದಿತ್ತು, ಒಂದಕ್ಷರ ಬರೆದಿರಲಿಲ್ಲ. ಇದ್ದ ಹಾಗೇ ಒಳಗೆ ತಳ್ಳಿದ.

ಪರೀಕ್ಷೆಯ ದಿನ ಅವಳು ಎದುರು ಸಿಕ್ಕಾಗ ಅವನು ಸೂಚನಾ ಫಲಕದ ಕಡೆ ತಿರುಗಿ ನಿಂತ. ಆಮೇಲೆ ಅವನಿಗೆ ಜ್ವರ ಬಂತು, ಬೀಳ್ಕೊಡುಗೆಗೆ ಬರಲಿಲ್ಲ.

2

"ಒಂದು ಹೆಚ್ಚಿಗೆ ಇತ್ತು" ಅಂದನಲ್ಲ. ಹೆಚ್ಚಿಗೆ ಆದದ್ದನ್ನು ಯಾರಿಗಾದರೂ ಕೊಡುತ್ತಾರೆ.

ವಾಣಿ ಸಿಂಕಿನ ಮುಂದೆ ನಿಂತು, ತೊಳೆದ ಬೀಕರನ್ನೇ ಮತ್ತೆ ತೊಳೆದಳು. "ಯಾರಿಗೆ ಅಂತ ತಂದಿದ್ದೆ?" ಎಂದು ಕೇಳಬೇಕಿತ್ತು. ಕೇಳಿದರೆ ಅವನು "ಸುಮ್ನೆ" ಅಂದುಬಿಟ್ಟರೆ? ಭಾನುವಾರ ಸೊರಬದ ಕಡೆಯಿಂದ ಅವಳನ್ನು ನೋಡಲು ಬರುವವರಿದ್ದರು. ಅಪ್ಪ ಡಿಗ್ರಿ ಸಾಕು ಎಂದಾಗಿತ್ತು. ಅರ್ಜಿಗೆ ಡಿಡಿ ತೆಗೆಸಬೇಕು, ಅಪ್ಪನ ಸಹಿ ಬೇಕು, ಬಸ್ ಪಾಸಿನ ದುಡ್ಡು ಬೇಕು. ಇಷ್ಟೆಲ್ಲ ಲೆಕ್ಕ ಹಾಕಿ ತಿರುಗುವಷ್ಟರಲ್ಲಿ ಮೇಜಿನ ಹತ್ತಿರ ಯಾರೂ ಇರಲಿಲ್ಲ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅರ್ಜಿ ತುಂಬಿದಳು. ರೆಕಾರ್ಡಿನ ಚಿತ್ರಕ್ಕೆ ಬಳಸುವ ಪೆನ್ಸಿಲ್ಲಿನಲ್ಲಿ, ಒತ್ತದೆ, ತೇಲಿಸಿ ಬರೆದಳು. ಅಪ್ಪ ಬೇಡವೆಂದರೆ ಅಳಿಸಿ ಅವನಿಗೆ ವಾಪಸ್ ಕೊಡಬಹುದು.

ಅಪ್ಪ ಏನೂ ಹೇಳಲಿಲ್ಲ. ಸೊರಬದವರು ತಿಳಿಸುತ್ತೇವೆಂದು ಹೋದವರು ತಿಳಿಸಲಿಲ್ಲ. ರೆಕಾರ್ಡಿನ ದಿನ ಅವಳು ಪುಸ್ತಕವನ್ನು ಮೇಜಿನ ಮೇಲೆ ಬೇಕೆಂದೇ ಬಿಟ್ಟು, ಅರ್ಜಿಯ ಅಂಚು ಕಾಣುವಂತೆ ಎಳೆದಿಟ್ಟು, ತಕ್ಕಡಿ ಕೋಣೆಯ ಗಾಜಿನ ಹಿಂದೆ ನಿಂತಳು. ಅವನು ಬಂದ. ಎಳೆದು ನೋಡಿದ. ನೋಡಿದ್ದನ್ನು ಅವಳು ಕಣ್ಣಾರೆ ಕಂಡಳು. ಈಗ ಬಂದು ಕೇಳುತ್ತಾನೆ ಎಂದುಕೊಂಡಳು. ಅವನು ಅರ್ಜಿಯನ್ನು ಒಳಗೆ ತಳ್ಳಿ ಹೊರಟುಹೋದ.

ಪೆನ್ಸಿಲ್ಲಿನ ಬರಹ ಅವನಿಗೆ ಕಂಡಿರಲಿಲ್ಲ ಎಂಬುದು ಅವಳಿಗೆ ತಿಳಿಯುವಂತಿರಲಿಲ್ಲ.

ಪರೀಕ್ಷೆಯ ದಿನ ಅವನು ಮುಖ ತಿರುಗಿಸಿದ. ಆ ಸಂಜೆ ವಾಣಿ ಅರ್ಜಿಯನ್ನು ಅಳಿಸಿದಳು. ಮೊದಲು ಹೆಸರು, ಆಮೇಲೆ ಉಳಿದದ್ದು.

ಬ್ಯೂರೆಟ್ ಮೇಷ್ಟ್ರು:

ಲ್ಯಾಬಿನ ವಿವರ ಸರಿಯಾಗಿದೆ, ಓದಿ ಸಂತೋಷವಾಯಿತು. ಆಕ್ಸಾಲಿಕ್ ಆಮ್ಲಕ್ಕೆ ಪರ್ಮಾಂಗನೇಟು ಬಿಡುವಾಗ ಮೊದಲ ಹನಿಯ ಬಣ್ಣ ಬೇಗ ಹೋಗುವುದಿಲ್ಲ. ಕ್ರಿಯೆ ಶುರುವಾಗಲು ಹೊತ್ತು ಹಿಡಿಯುತ್ತದೆ. ಸ್ವಲ್ಪ ಮ್ಯಾಂಗನೀಸ್ ಅಯಾನು ಹುಟ್ಟಿಕೊಂಡಿತೆಂದರೆ ಅದೇ ಮುಂದಿನದನ್ನು ಓಡಿಸುತ್ತದೆ, ಆಮೇಲೆ ಹನಿ ಬಿದ್ದಲ್ಲೇ ಬಣ್ಣ ಹೋಗುತ್ತದೆ. ನಮ್ಮ ಮಕ್ಕಳು ಪ್ರತಿ ವರ್ಷ ಮೊದಲ ಹನಿಗೇ ಎಂಡ್ ಪಾಯಿಂಟ್ ಬಂತು ಅಂತ ರೀಡಿಂಗ್ ಬರೆದುಬಿಡುತ್ತಾರೆ. ಒಂದು ಕೊರತೆ: ಫ್ಲಾಸ್ಕನ್ನು ಬಿಸಿ ಮಾಡಿದ್ದು ಕಾಣಲಿಲ್ಲ. 60 ಡಿಗ್ರಿ ಹತ್ತಿರಕ್ಕೆ ಬಿಸಿ ಮಾಡಿ ತಂದೇ ಹನಿ ಬಿಡಬೇಕು, ವಾಣಿ ಬಟ್ಟೆಯಲ್ಲಿ ಹಿಡಿದು ತಿರುಗಿಸಬೇಕು.

ಕಥೆಯ ವಿಷಯಕ್ಕೆ ನನ್ನ ಸಲಹೆ. ಕೊನೆಯಲ್ಲಿ ಈ ಪ್ರಯೋಗವನ್ನು ಮತ್ತೆ ತನ್ನಿ. ಶ್ರೀಧರನಿಗೆ ಆ ಮೊದಲ ಹನಿ ನೆನಪಾಗಲಿ, ತಾನು ಅವಸರಪಟ್ಟೆ ಎಂದು ಅವನಿಗೇ ಹೊಳೆಯಲಿ. ಇಷ್ಟು ಚೆಂದದ ವಿಷಯ ಮೊದಲ ಪ್ಯಾರಾದಲ್ಲೇ ವ್ಯರ್ಥವಾಗಿದೆ.

ಹುಬ್ಳಿ ಮಂದಿ:

ಕಥಿ ಚೊಲೊ ಐತ್ರಿ. ಆದ್ರ ಇದು 2004ಕ್ಕ ಮಾತ್ರ ನಡೀತದ. ಈಗಿನ ಹುಡುಗ್ರ ಕೈಯಾಗ ಫೋನ್ ಐತಿ, ರಾತ್ರಿ ಒಂದು ಮೆಸೇಜ್ ಹಾಕಿದ್ರ ಮುಗೀತು. ಆಗ ಇನ್‌ಕಮಿಂಗ್ ಫ್ರೀ ಆಗಿದ್ದs 2003ರಾಗ, ಕಾಲೇಜ್ ಹುಡುಗ್ರ ಹಂತ್ಯಾಕ ಮೊಬೈಲ್ ಎಲ್ಲಿದ್ವು? ಮೌನದ ಕಥಿ ಬರಿಯೋರೆಲ್ಲ ಮೊಬೈಲ್ ಬರೂಕಿಂತ ಮೊದಲಿನ ಕಾಲಕ್ಕs ಹೋಗ್ತಾರ, ಅದಕ್ಕ ಇದೇ ಕಾರಣ.

ಸೀತಾಳೆ:

ತುಂಗಾತೀರ ಅವರೇ, ನಾನು ಬಹಳ ವರ್ಷ ಒಂದು ವಾರಪತ್ರಿಕೆಯ ಕಥಾವಿಭಾಗ ನೋಡಿಕೊಂಡವಳು. ಇಂಥ ಕಥೆಗಳು ಬರುತ್ತಲೇ ಇರುತ್ತಿದ್ದವು, ಹೆಚ್ಚಿನವು ಒಂದೇ ಜಾಗದಲ್ಲಿ ಸೋಲುತ್ತಿದ್ದವು. ಪತ್ರ ಕಳೆದುಹೋಗುತ್ತಿತ್ತು, ಇಲ್ಲವೇ ತಂಗಿ ಪತ್ರ ಕೊಡಲು ಮರೆಯುತ್ತಿದ್ದಳು. ಪತ್ರ ಕಳೆದರೆ ಅದು ಅಂಚೆಯ ತಪ್ಪು. ಅಲ್ಲಿ ಯಾರೂ ಯಾರನ್ನೂ ತಪ್ಪಾಗಿ ಓದಿರುವುದಿಲ್ಲ. ನಿಮ್ಮ ಕಥೆಯಲ್ಲಿ ಅರ್ಜಿ ಕೈಯಿಂದ ಕೈಗೆ ತಲುಪುತ್ತದೆ, ಇಬ್ಬರೂ ಅದನ್ನು ನೋಡುತ್ತಾರೆ, ಆದರೂ ತಪ್ಪುತ್ತದೆ. ಅದಕ್ಕೇ ನನಗೆ ಇದರ ಮೇಲೆ ಭರವಸೆ.

ಇಂಥ ಕಥೆ ಬಂದಾಗ ನಾನು ಹಾಳೆಯಲ್ಲಿ ಗೆರೆ ಎಳೆದು ಒಂದು ಕಡೆ "ಮಾಡಿದ್ದು", ಇನ್ನೊಂದು ಕಡೆ "ಎದುರಿನವರಿಗೆ ಕಂಡದ್ದು" ಎಂದು ಬರೆದುಕೊಳ್ಳುತ್ತಿದ್ದೆ. ನಿಮ್ಮದಕ್ಕೂ ಹಾಗೇ ಮಾಡಿದೆ. ಅವನು ಎರಡು ಅರ್ಜಿ ತರುತ್ತಾನೆ, ಅವಳಿಗೆ ಕಾಣುವುದು ಹೆಚ್ಚಿಗೆ ಉಳಿದ ಒಂದು. ಅವಳು ಲೆಕ್ಕ ಹಾಕುತ್ತ ಸುಮ್ಮನಿರುತ್ತಾಳೆ, ಅವನಿಗೆ ಕಾಣುವುದು ಬೆನ್ನು. ಅವಳು ತುಂಬಿದ ಅರ್ಜಿಯನ್ನು ಕಾಣುವಂತೆ ಇಡುತ್ತಾಳೆ, ಅವನಿಗೆ ಕಾಣುವುದು ಖಾಲಿ ಹಾಳೆ. ಅವನು ಆ ಖಾಲಿ ಹಾಳೆಗೆ ನೊಂದು ಮುಖ ತಿರುಗಿಸುತ್ತಾನೆ, ಅವಳಿಗೆ ಕಾಣುವುದು, ತುಂಬಿದ್ದನ್ನು ನೋಡಿಯೂ ಬೇಡವೆಂದವನು. ಈ ನಾಲ್ಕೂ ಒಂದರ ಹೊಟ್ಟೆಯಿಂದ ಇನ್ನೊಂದು ಹುಟ್ಟಿದಂತಿವೆ. ಯಾವುದನ್ನು ತೆಗೆದರೂ ಮುಂದಿನದು ನಿಲ್ಲುವುದಿಲ್ಲ.

ಐದನೆಯದಾಗಿ ಜ್ವರ ಬರುತ್ತದೆ. ಆ ಜ್ವರ ಯಾವುದರಿಂದಲೂ ಹುಟ್ಟಿಲ್ಲ, ಅದನ್ನು ಯಾರೂ ತಪ್ಪಾಗಿ ಓದುವುದೂ ಇಲ್ಲ. ಅವನು ಬೀಳ್ಕೊಡುಗೆಗೆ ಬರಲಿಲ್ಲವೆಂದರೆ ಬರಲು ಮನಸ್ಸಿಲ್ಲದೆ ಬರಲಿಲ್ಲ ಎಂದಿರಲಿ. ಜ್ವರ ತೆಗೆಯಿರಿ.

ನೀವು ಕೇಳಿದ ಎರಡನೇ ಭಾಗ ವಿವರಣೆ ಆಗಿಲ್ಲ, ಒಂದು ವಾಕ್ಯದಲ್ಲಿ ಬಿಟ್ಟು: "ಪೆನ್ಸಿಲ್ಲಿನ ಬರಹ ಅವನಿಗೆ ಕಂಡಿರಲಿಲ್ಲ ಎಂಬುದು ಅವಳಿಗೆ ತಿಳಿಯುವಂತಿರಲಿಲ್ಲ." ಅಲ್ಲಿ ಮಾತಾಡುತ್ತಿರುವುದು ವಾಣಿಯಲ್ಲ, ನೀವು. "ಒತ್ತದೆ, ತೇಲಿಸಿ" ಎಂದು ಓದಿದ ಕ್ಷಣದಲ್ಲೇ ಓದುಗರಿಗೆ ಎದೆ ಧಸಕ್ಕೆನ್ನುತ್ತದೆ. ಅದಾದ ಮೇಲೆ ಇದನ್ನು ಹೇಳಿದರೆ ಓದುಗರು ತಾವೇ ಕಂಡುಕೊಂಡದ್ದನ್ನು ಕಿತ್ತುಕೊಂಡ ಹಾಗೆ.

ಮೇಷ್ಟ್ರೇ, ಕ್ಷಮಿಸಿ, ಮೊದಲ ಹನಿಯ ವಿಷಯದಲ್ಲಿ ನಿಮ್ಮ ಸಲಹೆ ಒಪ್ಪಲಾರೆ. ಅದು ಮೊದಲ ಪ್ಯಾರಾದಲ್ಲಿ ಮಾತ್ರ ಇರುವುದರಿಂದಲೇ ಕೆಲಸ ಮಾಡುತ್ತದೆ. ಶ್ರೀಧರನಿಗೆ ಅದು ಹೊಳೆದರೆ ಅವನು ಎದ್ದು ಆಯನೂರಿನ ಬಸ್ಸು ಹತ್ತಬೇಕಾಗುತ್ತದೆ. ಹೊಳೆಯದೆ ಇರುವುದರಿಂದಲೇ ಇದು ಕಥೆ.

ರಾತ್ರಿಪಾಳಿ:

ಎಲ್ಲರೂ ತಿಳಿದವರು ಇದ್ದೀರಿ, ನನ್ನದೂ ಸ್ವಲ್ಪ ಹೇಳಿ. ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದವಳು. ನಾನು ಈಗ ಬೆಂಗಳೂರಲ್ಲಿ ಕೆಲಸ, ಅವಳು ಊರಲ್ಲಿ. ಹಬ್ಬಕ್ಕೆಲ್ಲ ಶುಭಾಶಯ ಕಳಿಸ್ತೀನಿ, ಅವಳು ಕೈಮುಗಿದಿರೋ ಚಿತ್ರ ಕಳಿಸ್ತಾಳೆ, ಅಷ್ಟೇ. ಹೋದ ತಿಂಗಳು "ಒಂದು ವಿಷಯ ಮಾತಾಡ್ಬೇಕಿತ್ತು" ಅಂತ ಹಾಕಿದೆ. ನೋಡಿದ್ದಾಳೆ, ಉತ್ತರ ಇಲ್ಲ. ಈ ಕಥೆ ಓದಿದ ಮೇಲೆ ಅವಳ ಮನಸ್ಸಲ್ಲೂ ಇದೆ ಅಂತ ಅನ್ನಿಸ್ತಿದೆ. ಮತ್ತೆ ಮೆಸೇಜ್ ಮಾಡ್ಲಾ?

ಒಣಗಿದೆಲೆ:

ಹುಬ್ಳಿ ಮಂದಿ ಅವರಿಗೂ ರಾತ್ರಿಪಾಳಿ ಅವರಿಗೂ ಸೇರಿಸಿ ಹೇಳುತ್ತೇನೆ. ನಾನು ಓದಿದ್ದು ಮನಶ್ಶಾಸ್ತ್ರ, ಕಥೆ ಕಟ್ಟುವುದು ಗೊತ್ತಿಲ್ಲ.

ಈ ಕಥೆಯಲ್ಲಿ ನಡೆಯುವುದನ್ನೇ ವೊರಾವರ್ ಮತ್ತು ರಾಟ್ನರ್ ಎಂಬ ಇಬ್ಬರು ಸಂಶೋಧಕಿಯರು 1996ರಲ್ಲಿ ಪರೀಕ್ಷಿಸಿ ನೋಡಿದ್ದರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಆಸಕ್ತಿ ಇದೆ, ಯಾರೂ ಮೊದಲ ಹೆಜ್ಜೆ ಇಡುತ್ತಿಲ್ಲ ಎಂಬ ಸಂದರ್ಭ ಕೊಟ್ಟು, ಯಾಕೆ ಎಂದು ಕೇಳಿದರು. ಜನ ತಮ್ಮ ಬಗ್ಗೆ ಹೇಳಿದ್ದು "ಎದುರಿನವರು ಬೇಡ ಅಂದಾರು ಎಂಬ ಭಯ" ಎಂದು. ಎದುರಿನವರ ಬಗ್ಗೆ ಹೇಳಿದ್ದು "ಅವರಿಗೆ ಅಷ್ಟು ಇಷ್ಟವಿಲ್ಲ" ಎಂದು. ಸುಮ್ಮನಿರುವುದು ಇಬ್ಬರದೂ ಒಂದೇ ಥರ, ಕೊಡುವ ಕಾರಣ ಮಾತ್ರ ಬೇರೆ. ನನ್ನ ಭಯ ನನಗೆ ಒಳಗಿನಿಂದ ಗೊತ್ತು, ಅವರ ಭಯ ನನಗೆ ಕಾಣುವುದಿಲ್ಲ.

ವೊರಾವರ್ ಮತ್ತಿತರರು 2003ರಲ್ಲಿ ಪ್ರಕಟಿಸಿದ ಇನ್ನೊಂದು ಸಂಶೋಧನೆ ಈ ಕಥೆಗೆ ಇನ್ನೂ ಹತ್ತಿರ. ಬೇಡವೆನಿಸಿಕೊಳ್ಳುವ ಭಯ ಇರುವವರು ತಾವು ಕೊಟ್ಟ ಸಣ್ಣ ಸುಳಿವನ್ನೇ ದೊಡ್ಡದಾಗಿ, ಸ್ಪಷ್ಟವಾಗಿ ಕೊಟ್ಟೆವು ಅಂದುಕೊಳ್ಳುತ್ತಾರೆ. ಶ್ರೀಧರನ ಲೆಕ್ಕದಲ್ಲಿ ಎರಡು ಅರ್ಜಿ ತಂದದ್ದು ಎಲ್ಲವನ್ನೂ ಹೇಳಿದ ಹಾಗೆ. ಬಾಯಿಂದ ಬಂದದ್ದು ಮಾತ್ರ "ಹೆಚ್ಚಿಗೆ ಇತ್ತು". ವಾಣಿಯ ಲೆಕ್ಕದಲ್ಲಿ ಅಂಚು ಕಾಣುವಂತೆ ಇಟ್ಟದ್ದೇ ದೊಡ್ಡ ಮಾತು. ಇಬ್ಬರೂ "ನಾನು ಹೇಳಿಯಾಯಿತು, ಉತ್ತರ ಬರಲಿಲ್ಲ" ಎಂದೇ ನಂಬಿದ್ದಾರೆ. ತುಂಗಾತೀರ ಇದನ್ನು ಎಲ್ಲಿಂದಲೂ ಓದಿ ತೆಗೆದಿಲ್ಲ ಅನ್ನಿಸುತ್ತದೆ. ಅದಕ್ಕೇ ಇಷ್ಟು ಸಹಜವಾಗಿದೆ.

ಹುಬ್ಳಿ ಮಂದಿ ಅವರೇ, ನೀವು ಹೇಳಿದ್ದು ಅರ್ಧ ನಿಜ. ಫೋನ್ ಬಂದ ಮೇಲೆ "ತಲುಪಲಿಲ್ಲವೇನೋ" ಎನ್ನುವ ಸಮಾಧಾನ ಹೋಯಿತು. ಮೌನ ಹೋಗಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನೀಲಿ ಗೆರೆ ಬಂದದ್ದು 2014ರ ಕೊನೆಯಲ್ಲಿ. ಆಮೇಲೆ ತಕ್ಕಡಿ ಕೋಣೆಯ ಗಾಜು ಎಲ್ಲರ ಕೈಯಲ್ಲೂ ಇದೆ: ನೋಡಿದ್ದು ಕಾಣುತ್ತದೆ, ನೋಡಿ ಏನಂದುಕೊಂಡರು ಎಂಬುದು ಕಾಣುವುದಿಲ್ಲ.

ರಾತ್ರಿಪಾಳಿ ಅವರೇ, ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಈ ಕಥೆಯಲ್ಲಿ ಇಬ್ಬರಿಗೂ ಮನಸ್ಸಿದೆ ಎಂದು ನಮಗೆ ಗೊತ್ತಿರುವುದು ಬರೆದವರು ಇಬ್ಬರ ಒಳಗನ್ನೂ ತೋರಿಸಿದ್ದರಿಂದ. ನಿಮ್ಮ ವಿಷಯದಲ್ಲಿ ನಮಗೆ ಕಾಣುವುದು ಒಂದು ಭಾಗ ಮಾತ್ರ. ಎಲ್ಲ ಮೌನದ ಹಿಂದೆಯೂ ಪೆನ್ಸಿಲ್ಲಿನ ಬರಹ ಇರುವುದಿಲ್ಲ. ನೀವು ಇನ್ನೂ ಏನನ್ನೂ ಕೇಳಿಲ್ಲ, ಕೇಳಬೇಕಿತ್ತು ಅಂದಿದ್ದೀರಿ ಅಷ್ಟೇ. ಒಂದು ಸಲ ನೇರವಾಗಿ, ಸಭ್ಯವಾಗಿ ಕೇಳಿ, ಇಷ್ಟವಿಲ್ಲದಿದ್ದರೆ ಹೇಳಲು ಮುಜುಗರ ಬೇಡ ಎಂದೂ ಸೇರಿಸಿ. ಅದಕ್ಕೂ ಉತ್ತರ ಬರದಿದ್ದರೆ ಅದನ್ನೇ ಉತ್ತರವೆಂದು ತಿಳಿದು ಬಿಟ್ಟುಬಿಡಿ. ಮತ್ತೆ ಮತ್ತೆ ಕಳಿಸಬೇಡಿ.

ಕೆರೆಏರಿ:

ಒಣಗಿದೆಲೆ ಅವರ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಕಥೆಯ ಬಗ್ಗೆ ನನ್ನ ತಕರಾರು ಬೇರೆ, ಯಾರೂ ಅದರ ಹತ್ತಿರ ಹೋಗದೆ ಇದ್ದದ್ದು ಆಶ್ಚರ್ಯ.

ಇದು ಬರೀ ಸಂಕೋಚವಾ? ಆಯನೂರಿನ ಹುಡುಗಿ, ಭದ್ರಾವತಿಯ ಹುಡುಗ, ಇಬ್ಬರದೂ ಯಾವ ಜಾತಿ ಎಂದು ಕಥೆ ಬಾಯಿಬಿಡುವುದಿಲ್ಲ. ನಮ್ಮೂರುಗಳಲ್ಲಿ ಹುಡುಗಿಯೊಬ್ಬಳು ಸುಮ್ಮನಿರುವಾಗ ಅವಳ ತಲೆಯಲ್ಲಿ ಮೊದಲು ಓಡುವುದು ಅದೇ. ಡಿಡಿ, ಸಹಿ, ಬಸ್ ಪಾಸು ಎಲ್ಲ ಲೆಕ್ಕ ಹಾಕಿಸಿದಿರಿ, ಆ ಒಂದು ಲೆಕ್ಕ ಬಿಟ್ಟಿರಿ. ನಾನೂ ಅದೇ ಶಂಕರಘಟ್ಟದ ಕೌಂಟರಿನಲ್ಲಿ ಅರ್ಜಿ ಕೊಂಡವಳು. ಅರ್ಜಿಯಲ್ಲಿ ಪ್ರವರ್ಗದ ಕಾಲಂ ಇದ್ದೇ ಇರುತ್ತದೆ. ಹೆಸರು ಬರೆಯುವಷ್ಟು ಸಲೀಸಾಗಿ ಅದನ್ನು ಎಲ್ಲರೂ ತುಂಬುವುದಿಲ್ಲ, ಅದರಲ್ಲೂ ಆ ಹಾಳೆಯನ್ನು ಒಬ್ಬ ಹುಡುಗ ನೋಡಲಿ ಎಂದು ಇಡುವಾಗ. ಅವನು ಅರ್ಜಿ ಎಳೆದು ನೋಡಿ ಮುಖ ತಿರುಗಿಸಿದರೆ ವಾಣಿಗೆ ಹೊಳೆಯುವ ಮೊದಲ ಕಾರಣ "ಇವನಿಗೆ ಇಷ್ಟವಿಲ್ಲ" ಎಂದಿರುವುದಿಲ್ಲ. "ಆ ಕಾಲಂ ನೋಡಿದ" ಎಂದಿರುತ್ತದೆ.

ಎರಡು ವರ್ಷ ಒಂದೇ ಮೇಜಿನಲ್ಲಿ ನಿಂತವರಿಗೆ ಅದು ಮೊದಲೇ ಗೊತ್ತಿರಲ್ವಾ ಅಂತ ಕೇಳಬಹುದು. ಗೊತ್ತಿರಬಹುದು, ಇಲ್ಲದಿರಬಹುದು. ಬರೆದದ್ದನ್ನು ನೋಡುವುದು ಬೇರೆ.

ಬ್ಯೂರೆಟ್ ಮೇಷ್ಟ್ರು:

ಕೆರೆಏರಿ ಅವರ ಮಾತು ಯೋಚಿಸುವಂಥದ್ದು. ನಾನು ಬೇರೊಂದನ್ನು ಕೇಳಲೇ? ಪೆನ್ಸಿಲ್ಲಿನಲ್ಲಿ ಎಷ್ಟೇ ತೆಳ್ಳಗೆ ಬರೆದರೂ ಹಾಳೆ ಕೈಗೆ ತೆಗೆದುಕೊಂಡವನಿಗೆ ಕಾಣುತ್ತದೆ. ರೆಕಾರ್ಡುಗಳಲ್ಲಿ ಅಳಿಸಿದ ರೀಡಿಂಗನ್ನೂ ನಾವು ಕಂಡುಹಿಡಿಯುತ್ತೇವೆ. "ಹೆಸರಿನ ಜಾಗ ಖಾಲಿ" ಎಂದು ನೀವು ಖಚಿತವಾಗಿ ಬರೆದಿದ್ದೀರಿ. ಇಲ್ಲಿ ಓದುಗ ನಂಬುವುದು ಕಷ್ಟ.

ಸೀತಾಳೆ:

ಮೇಷ್ಟ್ರು ಸರಿಯಾದ ಜಾಗಕ್ಕೇ ಬೆರಳಿಟ್ಟರು. ನನಗೂ ಅಲ್ಲಿ ತಡೆಯಿತು. ಮೊದಲ ಭಾಗದಲ್ಲಿ ಅವನ ಕಣ್ಣಿನಿಂದ ಹೇಳುತ್ತಿರುವಾಗ ಅವನಿಗೆ ಕಂಡದ್ದನ್ನು ಮಾತ್ರ ಹೇಳಬಹುದು, ಆದರೆ ಇಲ್ಲದ್ದನ್ನು ಹೇಳಬಾರದು. "ಖಾಲಿ" ಎಂದರೆ ಕಥೆಯೇ ಸುಳ್ಳು ಹೇಳಿದ ಹಾಗಾಗುತ್ತದೆ, ಎರಡನೇ ಭಾಗಕ್ಕೆ ಬಂದಾಗ ಓದುಗರಿಗೆ ಮೋಸ ಹೋದೆವು ಅನ್ನಿಸುತ್ತದೆ.

ದಾರಿ ಸುಲಭ. ಅವನು ಹಾಳೆಯನ್ನು ಪೂರ್ತಿ ಎಳೆಯುವುದೇ ಬೇಡ. ಹೊರಗೆ ಚಾಚಿದ ಮೂಲೆಯಷ್ಟೇ ಕಾಣಲಿ. ಅರ್ಜಿಯ ಮೇಲಿನ ಬಲಮೂಲೆಯಲ್ಲಿ ಏನಿರುತ್ತದೆ? ಭಾವಚಿತ್ರ ಅಂಟಿಸುವ ಚೌಕ. ವಾಣಿ ಎಲ್ಲವನ್ನೂ ತುಂಬಿದ್ದಾಳೆ, ಫೋಟೋ ಅಂಟಿಸಿಲ್ಲ. ಸ್ಟುಡಿಯೋಗೆ ಹೋಗಬೇಕೆಂದರೆ ಯಾಕೆ ಎಂದು ಅಪ್ಪನಿಗೆ ಹೇಳಬೇಕು. ಅವನಿಗೆ ಖಾಲಿ ಚೌಕ ಕಾಣುತ್ತದೆ, ಅಷ್ಟಕ್ಕೇ ತಳ್ಳಿಬಿಡುತ್ತಾನೆ. ಇನ್ನೊಂದು ಅಂಗುಲ ಎಳೆದಿದ್ದರೆ ಹೆಸರು ಕಾಣುತ್ತಿತ್ತು. ಗಾಜಿನ ಹಿಂದೆ ನಿಂತವಳಿಗೆ ಅವನು ಎಷ್ಟು ಎಳೆದ ಎಂಬುದು ಗೊತ್ತಾಗುವುದಿಲ್ಲ. ಆಗ ಯಾರೂ ಸುಳ್ಳು ಹೇಳಿದ ಹಾಗಾಗುವುದಿಲ್ಲ.

ಹುಬ್ಳಿ ಮಂದಿ:

ಫೋಟೋ ಚೌಕ ಭಾಳ ಚೊಲೊ ಐತ್ರಿ ಅಕ್ಕಾರ. ಆದ್ರ ಪೆನ್ಸಿಲ್ ಬಿಡಬ್ಯಾಡ್ರಿ. ಕಡೀಕ ಅಳಿಸ್ತಾಳಲ್ಲ, ಅಲ್ಲೇ ನನಗ ಕಳ್ಳು ಚುರ್ ಅಂತು. ಪೆನ್ನಿಲೆ ಬರದಿದ್ರ ಹರದು ಒಗೀಬೇಕಾಗ್ತದ, ಹರಿಯೂದು ಎಲ್ಲಾ ಕಥಿಯಾಗೂ ಐತಿ.

ತುಂಗಾತೀರ:

ಇಷ್ಟು ಗಮನ ಕೊಟ್ಟು ಓದಿದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ಜ್ವರ ತೆಗೆಯುತ್ತೇನೆ. ಸೀತಾಳೆ ಮೇಡಂ ತೋರಿಸಿದ ವಾಕ್ಯವನ್ನೂ ತೆಗೆಯುತ್ತೇನೆ. ಫ್ಲಾಸ್ಕಿಗೆ ಬಟ್ಟೆ ಸುತ್ತಿದ್ದು ಬರುತ್ತದೆ ಮೇಷ್ಟ್ರೇ, ಮೊದಲ ಹನಿ ಮಾತ್ರ ಇದ್ದಲ್ಲೇ ಇರಲಿ. ಫೋಟೋದ ಚೌಕವೂ ಇರುತ್ತದೆ, ಪೆನ್ಸಿಲ್ಲೂ ಇರುತ್ತದೆ: ಒಂದು ಅವನಿಗೆ ಕಂಡದ್ದಕ್ಕೆ, ಇನ್ನೊಂದು ಅವಳು ಅಳಿಸುವುದಕ್ಕೆ.

ಮೂರನೇ ಭಾಗದ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಕೆರೆಏರಿ ಅವರೇ, ನಿಮ್ಮ ಮಾತು ಬಂದಾಗಿನಿಂದ ಬೇರೆ ಏನೂ ತಲೆಗೆ ಹೋಗುತ್ತಿಲ್ಲ. ಆ ಕಾಲಂ ಬಂದರೆ ಕಥೆಯ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಬಾರದೆ ಇದ್ದರೆ ನೀವು ಹೇಳಿದ್ದನ್ನು ಕೇಳಿಯೂ ಕೇಳಿಸದವರ ಹಾಗೆ ಬರೆಯಬೇಕಾಗುತ್ತದೆ.

ಸೀತಾಳೆ:

ಮೂರನೇ ಭಾಗ ಬೇಡ. ಇಬ್ಬರಿಗೂ ತಿಳಿದುಬಿಟ್ಟರೆ ಓದುಗರಿಗೆ ಮಾತ್ರ ಗೊತ್ತಿದ್ದದ್ದು ಊರಿಗೆಲ್ಲ ಗೊತ್ತಾಯಿತು, ಕಥೆಯಲ್ಲಿ ನಮ್ಮ ಪಾಲು ಮುಗಿಯಿತು. ನಿಮಗೆ ಅದನ್ನು ಬರೆಯಲೇಬೇಕು ಅನ್ನಿಸಿದರೆ ಒಬ್ಬರಿಗೆ ಮಾತ್ರ ತಿಳಿಯಲಿ, ಅವರು ಅದನ್ನು ಇನ್ನೊಬ್ಬರಿಗೆ ಹೇಳದೆ ಇರಲಿ. ಆದರೆ ಅದು ಬೇರೆಯೇ ಕಥೆ.

ಪ್ರವರ್ಗದ ಕಾಲಂ ಬಗ್ಗೆ ನನಗೆ ಹಿಂಜರಿಕೆ ಇದೆ, ಕೆರೆಏರಿ ತಪ್ಪು ತಿಳಿಯಬಾರದು. ಈಗ ಇಬ್ಬರ ಮೌನವೂ ಸರಿಸಮ. ಕಾಲಂ ಬಂದ ಕೂಡಲೇ ವಾಣಿಯ ಮೌನ ತಪ್ಪು ತಿಳಿವಳಿಕೆ ಆಗಿ ಉಳಿಯುವುದಿಲ್ಲ. ಲೋಕ ಹೇಗಿದೆ ಎಂದು ಸರಿಯಾಗಿ ತಿಳಿದವಳ ಎಚ್ಚರಿಕೆ ಆಗುತ್ತದೆ. ತೂಕ ಅವಳ ಕಡೆ ವಾಲುತ್ತದೆ, ಶ್ರೀಧರ ಬರೀ ಹುಡುಗಾಟದವನಾಗಿ ಕಾಣುತ್ತಾನೆ.

ಕೆರೆಏರಿ:

ವಾಲಲಿ ಮೇಡಂ. ಸರಿಸಮ ಎಂದು ನಿಮಗೆ ಕಂಡದ್ದು ಆ ಕಾಲಂ ಕಾಣದೆ ಇದ್ದುದರಿಂದ. ಅವಳ ಎಚ್ಚರಿಕೆ ಸರಿಯಾದದ್ದೇ ಇರಬಹುದು, ಆದರೂ ಈ ಒಬ್ಬ ಹುಡುಗನ ವಿಷಯದಲ್ಲಿ ಅದು ತಪ್ಪು. ಲೋಕವನ್ನು ಸರಿಯಾಗಿ ಓದಿ, ಒಬ್ಬ ಮನುಷ್ಯನನ್ನು ತಪ್ಪಾಗಿ ಓದುವುದು ಸಣ್ಣ ಕಥೆ ಅಲ್ಲ. ಶ್ರೀಧರನಿಗೆ ಅಂಥ ಒಂದು ಕಾಲಂ ಇದೆ ಎಂದೇ ನೆನಪಿಲ್ಲದೆ ಇರಲಿ. ಅವನು ತನ್ನ ಅರ್ಜಿಯಲ್ಲಿ ಅದನ್ನು ಹೇಗೆ ತುಂಬಿದ ಎಂದು ಮೊದಲ ಭಾಗದಲ್ಲಿ ಒಂದು ಸಾಲು ಬರೆಯಿರಿ, ತುಂಗಾತೀರ. ಪೆನ್ನಿನಲ್ಲಿ, ಬಸ್ಸಿನಲ್ಲೇ ಕೂತು, ಯೋಚಿಸದೆ.

ಒಣಗಿದೆಲೆ:

ಆ ಒಂದು ಸಾಲು ಸಾಕು ಎಂದು ನನಗೂ ಅನ್ನಿಸುತ್ತದೆ. ವಾಣಿಯ ಭಾಗದಲ್ಲಿ ಕಾಲಂ ಎಂಬ ಮಾತೇ ಬರದಿದ್ದರೂ ನಡೆಯುತ್ತದೆ.

ಕೆರೆಏರಿ:

ಇಲ್ಲ, ಅವಳ ಭಾಗದಲ್ಲೂ ಬರಬೇಕು. ಅವನದರಲ್ಲಿ ಮಾತ್ರ ಬಂದರೆ ಮತ್ತೆ ಅವಳ ಬಾಯಿ ಮುಚ್ಚಿಸಿದ ಹಾಗೆ.

ತುಂಗಾತೀರ:

ಎರಡೂ ಥರ ಬರೆದು ನೋಡುತ್ತೇನೆ. ಒಂದರಲ್ಲಿ ಸಾಲು ಅವನ ಭಾಗದಲ್ಲಿ ಮಾತ್ರ, ಇನ್ನೊಂದರಲ್ಲಿ ಇಬ್ಬರದರಲ್ಲೂ. ಸೀತಾಳೆ ಮೇಡಂ, ಕೆರೆಏರಿ, ಇಬ್ಬರೂ ಓದಿ ಹೇಳಬೇಕು. ಒಪ್ಪದೆ ಇದ್ದರೆ ಒಪ್ಪದೆ ಇರಿ, ಯಾವ ಸಾಲಿನಲ್ಲಿ ಎಂದು ಮಾತ್ರ ತಿಳಿಸಿ.

ರಾತ್ರಿಪಾಳಿ:

ನೇರವಾಗಿ ಕೇಳಿ ಮೆಸೇಜ್ ಹಾಕಿದೆ. ಒಣಗಿದೆಲೆ ಅವರು ಹೇಳಿದ ಹಾಗೇ ಕೊನೆಯ ಮಾತೂ ಸೇರಿಸಿದ್ದೀನಿ.